ಫೋಟೊದಲ್ಲಿ ಬಂದ ಲೆಕ್ಕ: ಬಿಸಿ ತಾಮ್ರ, ತಣ್ಣೀರು ಮತ್ತು ಸೋರಿಹೋದ ಉಷ್ಣ

ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಮೊಬೈಲ್‌ನಲ್ಲಿ ಪುಸ್ತಕದ ಪುಟವೊಂದರ ಫೋಟೊ ಕಳಿಸಿದ್ದಳು. 100 °C ತನಕ ಕಾಯಿಸಿದ 300 ಗ್ರಾಂ ತಾಮ್ರದ ತುಂಡನ್ನು 24 °C ನೀರಿಗೆ ಹಾಕಲಾಗಿದೆ. ನೀರು 200 ಗ್ರಾಂ, ಅದನ್ನು ಹಿಡಿದಿರುವ ತಾಮ್ರದ ಕ್ಯಾಲೋರಿಮೀಟರ್ 100 ಗ್ರಾಂ. ತುಂಡು ಬಿಟ್ಟುಕೊಡುವ ಉಷ್ಣದಲ್ಲಿ ಶೇ 10ರಷ್ಟು ಹೊರಗೆ ನಷ್ಟವಾದರೆ ಕೊನೆಯ ತಾಪ ಎಷ್ಟು? ಪುಟದ ಮಡಿಕೆಯ ನೆರಳು ವಿಶಿಷ್ಟೋಷ್ಣದ ಅಂಕಿಯ ಮೇಲೆ ಬಿದ್ದು, ಅದು 0.39 ಇರಬಹುದು, 0.89 ಇರಬಹುದು ಎನ್ನುವಂತಿತ್ತು. ಅವಳು 0.89 ಎಂದು ಓದಿಕೊಂಡಿದ್ದಳು. ಪ್ರತಿ ಗ್ರಾಂಗೆ, ಪ್ರತಿ ಡಿಗ್ರಿಗೆ 0.9 ಜೂಲ್‌ನ ಆಸುಪಾಸು ಬರುವುದು ಅಲ್ಯೂಮಿನಿಯಂಗೆ. ತಾಮ್ರಕ್ಕೆ 0.39 ಮಾತ್ರ. ಫೋಟೊದ ಅಂಕಿ ಮಸುಕಾದಾಗ ನಾನು ಚಿತ್ರವನ್ನು ಹಿಗ್ಗಿಸುತ್ತಾ ಕೂರುವುದಿಲ್ಲ, ಲೋಹದ ಹೆಸರನ್ನು ನೋಡುತ್ತೇನೆ.

ನಷ್ಟ ಇರುವ ಲೆಕ್ಕವನ್ನು ನಾನು ಯಾವಾಗಲೂ ನಷ್ಟವೇ ಇಲ್ಲ ಎಂದುಕೊಂಡು ಶುರು ಮಾಡುತ್ತೇನೆ. ತುಂಡು ಒಂದು ಡಿಗ್ರಿ ಇಳಿದರೆ 300 × 0.39 = 117 ಜೂಲ್ ಬಿಡುತ್ತದೆ. ನೀರಿನ ವಿಶಿಷ್ಟೋಷ್ಣ 4.2. ನೀರೂ ಪಾತ್ರೆಯೂ ಸೇರಿ ಒಂದು ಡಿಗ್ರಿ ಏರಲು 200 × 4.2 + 100 × 0.39 = 840 + 39 = 879 ಜೂಲ್ ಬೇಕು.

```
117 (100 − T) = 879 (T − 24)
T = 32796 / 996 = 32.93
```

32.93 °C ನನ್ನ ಪಾಲಿಗೆ ಮೇಲಿನ ಗೆರೆ. ಉಷ್ಣ ಹೊರಗೆ ಹೋಗಿರುವಾಗ ಉತ್ತರ ಇದಕ್ಕಿಂತ ಕೆಳಗೇ ಇರಬೇಕು. ಈಗ ನಷ್ಟವನ್ನು ಸೇರಿಸೋಣ. ಬಿಟ್ಟುಕೊಟ್ಟದ್ದರಲ್ಲಿ ನೀರಿಗೂ ಪಾತ್ರೆಗೂ ತಲುಪುವುದು ಶೇ 90. ಆದ್ದರಿಂದ 0.9 ಲೋಹದ ಕಡೆಗೆ ಹೋಗುತ್ತದೆ.

```
0.9 × 117 (100 − T) = 879 (T − 24)
T = 31626 / 984.3 = 32.13
```

ವಿದ್ಯಾರ್ಥಿನಿ 0.9 ಅನ್ನು ನೀರಿನ ಕಡೆಗೆ ಹಾಕಿದ್ದಳು. 0.39 ಇಟ್ಟುಕೊಂಡು ಹಾಗೆ ಮಾಡಿದರೆ 33.79 ಬರುತ್ತದೆ. ಗೆರೆ ದಾಟಿದ ಉತ್ತರ. ಉಷ್ಣ ಸೋರಿಹೋದ ಮೇಲೂ ನೀರು ಹೆಚ್ಚು ಬಿಸಿಯಾಯಿತು ಎಂದಂತೆ! ಗೆರೆಯನ್ನು ಮೊದಲೇ ಎಳೆದಿಟ್ಟುಕೊಂಡರೆ ಈ ತಪ್ಪು ಕಣ್ಣಿಗೆ ರಾಚುತ್ತದೆ.

ಆಮೇಲೆ ಅವಳು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು: "ಸರ್, ಏರಿಕೆ 8.93 ಡಿಗ್ರಿ. ಅದರಲ್ಲೇ ಶೇ 10 ಕಳೆದರೆ ಆಗುವುದಿಲ್ಲವೇ?" ಹಾಗೆ ಕಳೆದರೆ 32.04 ಸಿಗುತ್ತದೆ, ಸರಿಯುತ್ತರಕ್ಕೆ ಹತ್ತಿರ, ಆದರೆ ಅದೇ ಅಲ್ಲ. ನಷ್ಟವಿಲ್ಲದಿದ್ದರೆ ತುಂಡು 32.93ಕ್ಕೆ ಇಳಿದು ನಿಲ್ಲುತ್ತದೆ, ಸುಮಾರು 7,847 ಜೂಲ್ ಬಿಡುತ್ತದೆ. ನಷ್ಟವಿದ್ದಾಗ ನೀರು ಅಷ್ಟು ಬಿಸಿಯಾಗದ ಕಾರಣ ತುಂಡು ಇನ್ನೂ ಸ್ವಲ್ಪ ಕೆಳಗೆ ಇಳಿಯುತ್ತದೆ, 7,941 ಜೂಲ್ ಬಿಡುತ್ತದೆ. ನಷ್ಟದ ಒಂದು ಪಾಲನ್ನು ತುಂಡೇ ತುಂಬಿಕೊಡುತ್ತದೆ. ತಾಳೆ ನೋಡುವುದೂ ಸುಲಭ: 7,941ರಲ್ಲಿ ಶೇ 10 ಕಳೆದರೆ 7,147. ನೀರು ಮತ್ತು ಪಾತ್ರೆ 8.13 ಡಿಗ್ರಿ ಏರಲು ಬೇಕಾದದ್ದೂ ಅಷ್ಟೇ.

ಇದೇ ಅಳತೆಗಳನ್ನು ಇಟ್ಟುಕೊಂಡು ಪ್ರಯೋಗಾಲಯದಲ್ಲಿ ಮಾಡಿದಾಗ ಮಾತ್ರ ಆ ಶೇ 10 ಎಷ್ಟು ದೊಡ್ಡದು ಎಂಬುದು ಅರಿವಾಗುತ್ತದೆ. ಸುಮಾರು 794 ಜೂಲ್ ದಾರಿಯಲ್ಲೇ ಹೋಗಬೇಕಾದರೆ ತುಂಡು ನೀರಿಗೆ ಬೀಳುವ ಮೊದಲೇ 7 ಡಿಗ್ರಿಯಷ್ಟು ತಣಿಯಬೇಕು. ಅಲುಗಾಡದ ಗಾಳಿಯಲ್ಲಿ ಒಣ ತುಂಡಿಗೆ ಅದಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಕು. ಕೈ ಚುರುಕಾಗಿದ್ದರೆ ಅಷ್ಟು ಹೊತ್ತು ಹಿಡಿಯುವುದಿಲ್ಲ. ಪಾತ್ರೆಯಿಂದ ಆಗುವ ನಷ್ಟವನ್ನೂ ಬಹುಪಾಲು ತಪ್ಪಿಸಬಹುದು. ಕೋಣೆಯ ತಾಪ 28 ಇದ್ದರೆ 24ರ ನೀರು ಮೊದಲ ಅರ್ಧದಲ್ಲಿ ಕೋಣೆಯಿಂದ ಉಷ್ಣ ಪಡೆಯುತ್ತದೆ, 28 ದಾಟಿದ ಮೇಲೆ ಕೊಡುತ್ತದೆ. ಇದು ರಮ್‌ಫೋರ್ಡ್ ವಿಧಾನ. ಮೊದಲ ಏರಿಕೆ ವೇಗವಾಗಿರುವುದರಿಂದ ನೀರು 28ರ ಕೆಳಗೆ ಇರುವ ಹೊತ್ತು ಕಡಿಮೆ, ಮೇಲಿರುವ ಹೊತ್ತು ಹೆಚ್ಚು. ಅದಕ್ಕೇ ನಾನು ನೀರನ್ನು ಇನ್ನೂ ಒಂದು ಡಿಗ್ರಿ ತಣ್ಣಗೆ ಮಾಡಿಕೊಂಡು, ಗೆರೆಯನ್ನು ಹೊಸ ತಾಪಕ್ಕೆ ಮತ್ತೆ ಲೆಕ್ಕ ಹಾಕುತ್ತೇನೆ.

ಪ್ರಯೋಗದಲ್ಲೂ ಅಳೆದ ತಾಪ ಕೆಲವೊಮ್ಮೆ ಗೆರೆಯನ್ನು ದಾಟುವುದುಂಟು. ಆಗ ನಾನು ಅನುಮಾನಿಸುವುದು ತುಂಡಿಗೆ ಅಂಟಿಕೊಂಡು ಬಂದ ಕುದಿನೀರನ್ನು. ಎರಡೇ ಗ್ರಾಂ ಕುದಿನೀರು ಅಂಟಿ ಬಂದರೂ 117 ಇದ್ದದ್ದು 125.4 ಆಗುತ್ತದೆ, ಕೊನೆಯ ತಾಪ 33.49ಕ್ಕೆ ಏರುತ್ತದೆ. ನಿಜವಾದ ನಷ್ಟವನ್ನು ಈ ಎರಡು ಗ್ರಾಂ ಪೂರ್ತಿ ಮುಚ್ಚಿಹಾಕಬಲ್ಲದು. ಆದ್ದರಿಂದ ತುಂಡನ್ನು ನೀರಿನಲ್ಲಿ ಕುದಿಸದೆ, ಆವಿ ಸುತ್ತುವರಿದ ಒಣ ಕೊಳವೆಯಲ್ಲಿ ಕಾಯಿಸುವುದು ಮೇಲು. ಆ ಸೌಲಭ್ಯ ಇಲ್ಲದಿದ್ದರೆ, ತಾಪ ಬರೆದುಕೊಂಡ ಮೇಲೆ ಎಲ್ಲವನ್ನೂ ಒಟ್ಟಿಗೆ ತೂಗುತ್ತೇನೆ: ಪಾತ್ರೆ 100, ನೀರು 200, ತುಂಡು 300. ತಕ್ಕಡಿ 602 ತೋರಿಸಿದರೆ ಆ ಎರಡು ಗ್ರಾಂ ಅನ್ನು 100 °C ನೀರೆಂದು ಎಡಗಡೆಗೆ ಸೇರಿಸಿ ಸಮೀಕರಣವನ್ನು ಮತ್ತೆ ಬಿಡಿಸುತ್ತೇನೆ.