ಕ್ರಿಯಾಟಿನಿನ್ 1.2, ಆದರೂ ಡೋಸ್ ಹೆಚ್ಚಾಗಿತ್ತು

ಸಿಂಧನೂರು ಕಡೆಯ ಹಳ್ಳಿಯೊಂದರಿಂದ ಮಗ ತನ್ನ ಅವ್ವನನ್ನು ಕರೆದುಕೊಂಡು ಬಂದಿದ್ದ. ವಯಸ್ಸು 74, ತೂಕ 42 ಕಿಲೋ. ಸರ್ಪಸುತ್ತು ಮಾಯ್ದಿತ್ತು, ಉರಿ ಮಾತ್ರ ಉಳಿದಿತ್ತು. ಬೆನ್ನಿಗೆ ಸೀರೆ ತಾಕಿದರೂ ಚೀರುತ್ತಿದ್ದರಂತೆ. ಬೇರೆ ಕಡೆ ನರದ ಉರಿಗೆ ಕೊಡುವ ಗ್ಯಾಬಾಪೆಂಟಿನ್ 300 ಮಿಲಿಗ್ರಾಂ ದಿನಕ್ಕೆ ಮೂರು ಸಲ ಬರೆದುಕೊಟ್ಟಿದ್ದರು. "ಮೊದಲ ಎರಡು ದಿನ ಚಲೋ ಮಲಗಿದ್ಳು ಸರ್. ಈಗ ಎದ್ದೇಳವಲ್ಲಳು, ಮಾತು ತೊದಲ್ತಾಳ, ನಿಂತ್ರ ತೂರಾಡ್ತಾಳ. ಲಕ್ವಾ ಹೊಡೀತೇನು?" ಅಂದ ಮಗ.

ಲಕ್ವಾದಂತೆ ಕಾಣಲಿಲ್ಲ. ಎರಡೂ ಕಡೆಯ ಕೈಕಾಲುಗಳಲ್ಲಿ ಬಲ ಸಮನಾಗಿತ್ತು. ಆದರೆ ಚಾಚಿ ಹಿಡಿದ ಕೈ ಆಗಾಗ ಥಟ್ಟನೆ ಜಗ್ಗುತ್ತಿತ್ತು. ಹೊಸ ಮಾತ್ರೆ ಶುರುವಾದ ಮೇಲೆ ವಯಸ್ಸಾದವರಲ್ಲಿ ಮಂಪರು ಮತ್ತು ಈ ಜಗ್ಗುವಿಕೆ ಒಟ್ಟಿಗೆ ಕಂಡರೆ ನಾನು ಮೊದಲು ಕಿಡ್ನಿಯ ಕಡೆ ನೋಡುತ್ತೇನೆ. ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ ಸರಿಯಿದ್ದವು. ಕಿಡ್ನಿ ಸೋಸಿ ಹೊರಹಾಕುವ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ 1.2. ಲ್ಯಾಬ್ ವರದಿಯಲ್ಲಿ ಅದರ ಕೆಳಗೇ, ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಎಂಬ ಅಂದಾಜಾದ ಇಜಿಎಫ್‌ಆರ್ 47 ಎಂದು ಅಚ್ಚಾಗಿತ್ತು.

ಮೋಸ ಇಲ್ಲೇ ಇರುವುದು. 47 ಎಂದು ನಂಬಿ ಔಷಧದ ಪಟ್ಟಿ ನೋಡಿದರೆ, 30ರಿಂದ 59ರವರೆಗಿನವರಿಗೆ ಗ್ಯಾಬಾಪೆಂಟಿನ್ ದಿನಕ್ಕೆ 400ರಿಂದ 1400 ಮಿಲಿಗ್ರಾಂ ಕೊಡಬಹುದು. ಅವರು ತೆಗೆದುಕೊಳ್ಳುತ್ತಿದ್ದ 900 ಅದರೊಳಗೇ ಬರುತ್ತದೆ. ಆದರೆ ಆ 47 ಸಾಮಾನ್ಯ ಮೈಗಾತ್ರಕ್ಕೆ ಹೊಂದಿಸಿದ ಸಂಖ್ಯೆ, 42 ಕಿಲೋದ ಮುದುಕಿಯ ಅಳತೆಯಲ್ಲ. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಿಂದ. ಸ್ನಾಯು ಕರಗಿದ ಮೈಯಲ್ಲಿ ಕಿಡ್ನಿ ಸೋತಿದ್ದರೂ ಅದು ಹೆಚ್ಚು ಏರುವುದಿಲ್ಲ. ಹಾಗಾಗಿ ಡೋಸ್ ನಿರ್ಧರಿಸುವಾಗ ನಾನು 1976ರ ಹಳೆಯ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರವನ್ನೇ ಚೀಟಿಯ ಹಿಂದೆ ಬರೆದು ಲೆಕ್ಕ ಹಾಕುತ್ತೇನೆ. 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸಬೇಕು. ಹೆಂಗಸರಾದರೆ ಬಂದದ್ದನ್ನು 0.85ರಿಂದ ಗುಣಿಸಬೇಕು:

66 × 42 ÷ (72 × 1.2) × 0.85 = 27

ನಿಮಿಷಕ್ಕೆ 27 ಮಿಲಿಲೀಟರ್. ಈ ಮಟ್ಟಕ್ಕೆ ಪಟ್ಟಿ ಹೇಳುವುದು ದಿನಕ್ಕೆ 200ರಿಂದ 700, ಅದೂ ಒಂದೇ ಹೊತ್ತು.

ಮೊದಲ ಎರಡು ದಿನ ಚೆನ್ನಾಗಿದ್ದು ಆಮೇಲೆ ಕೆಟ್ಟಿದ್ದೇಕೆ ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ. ಗ್ಯಾಬಾಪೆಂಟಿನ್ ಲಿವರ್‌ನಲ್ಲಿ ಒಡೆಯುವುದಿಲ್ಲ, ಬಂದ ರೂಪದಲ್ಲೇ ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ಚೆನ್ನಾಗಿದ್ದವರಲ್ಲಿ ಐದಾರು ಗಂಟೆಗೆ ಅರ್ಧ ಖಾಲಿ. 30ಕ್ಕಿಂತ ಕೆಳಗಿನವರಲ್ಲಿ ಅದಕ್ಕೆ ಸರಾಸರಿ 52 ಗಂಟೆ ಬೇಕು. ಹೊಸ ಡೋಸ್ ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಇಂಥ ಸುಮಾರು ಐದು ಸುತ್ತು ಆಗಬೇಕು, ಅಂದರೆ ಹತ್ತು ದಿನಕ್ಕೂ ಹೆಚ್ಚು. ಮಗನಿಗೆ ಹೀಗೆ ಹೇಳಿದೆ: "ಕೆರಿಗೆ ನೀರು ಮೊದಲಿನಷ್ಟೇ ಬರ್ತದ, ತೂಬು ಮಾತ್ರ ಮುಚ್ಚೇದ. ಮೊದಲ ದಿನ ಏನೂ ಕಾಣಂಗಿಲ್ಲ." ತಕ್ಷಣ ತಿಳಿಯಿತು ಅವನಿಗೆ.

ಮಾತ್ರೆ ನಿಲ್ಲಿಸಿ ವಾರ್ಡಿನಲ್ಲಿಟ್ಟೆವು. ಬಹಳ ಕಾಲದಿಂದ ತೆಗೆದುಕೊಳ್ಳುತ್ತಿರುವವರಲ್ಲಿ ಇದನ್ನು ಒಮ್ಮೆಲೇ ಬಿಡಿಸಿದರೆ ಫಿಟ್ಸ್ ಬರಬಹುದು. ಇವರು ಶುರು ಮಾಡಿ ವಾರವಷ್ಟೇ ಆಗಿತ್ತು, ಸೋತ ಕಿಡ್ನಿಯಿಂದಾಗಿ ಮದ್ದು ತಾನಾಗಿಯೇ ನಿಧಾನಕ್ಕೆ ಇಳಿಯುತ್ತದೆ ಕೂಡ. ಜೊತೆಗೆ ಮೆಡಿಕಲ್ ಶಾಪಿನಿಂದ ತಂದು ನುಂಗುತ್ತಿದ್ದ ನೋವಿನ ಮಾತ್ರೆ ಡೈಕ್ಲೋಫೆನಾಕ್ ಬಿಡಿಸಿದೆ. ಅದು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಈ ಭಾಗದ ಬಿಸಿಲಿನಲ್ಲಿ ಮೈಯ ನೀರು ಆರಿದ್ದರಂತೂ ಇನ್ನೂ ಕೆಟ್ಟದ್ದು.

ಮೂರನೇ ದಿನ ಎದ್ದು ಕೂತು ಚಾ ಕೇಳಿದರು. ಕೈ ಜಗ್ಗುವುದು ನಿಂತಿತ್ತು. ಕ್ರಿಯಾಟಿನಿನ್ ಮತ್ತೆ ನೋಡಿದರೆ ಅದೇ 1.2. ಇದನ್ನು ನೋಡಲೇಬೇಕು, ಏಕೆಂದರೆ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಏರುತ್ತಿರುವಾಗ ಮೇಲಿನ ಸೂತ್ರ ಕೆಲಸಕ್ಕೆ ಬರುವುದಿಲ್ಲ. ಆಗ ನಿಜವಾದ ಸಂಖ್ಯೆ ಲೆಕ್ಕಕ್ಕಿಂತ ಬಹಳ ಕೆಳಗಿರುತ್ತದೆ.

ಉರಿ ಮರಳಿದ ಮೇಲೆ ರಾತ್ರಿ 100 ಮಿಲಿಗ್ರಾಂ ಒಂದೇ ಕ್ಯಾಪ್ಸೂಲ್ ಶುರು ಮಾಡಿದೆ. ಪಟ್ಟಿಯ ಕನಿಷ್ಠಕ್ಕಿಂತಲೂ ಅರ್ಧ, ಬೇಕೆಂದೇ. ನಾಲ್ಕು ದಿನಕ್ಕೆ ಮಗ ಫೋನ್ ಮಾಡಿ "ಉರಿ ಹಂಗೇ ಅದ ಸರ್, ಎರಡು ಕೊಡ್ಲೇನು?" ಎಂದ. ಬೇಡ ಎಂದೆ. ಎರಡು ವಾರಕ್ಕೆ ಬಂದಾಗ ಕಣ್ಣು ನಿಚ್ಚಳವಾಗಿತ್ತು, ಕೋಲಿಲ್ಲದೆ ನಡೆದು ತೋರಿಸಿದರು. ಆಗಲೇ 200ಕ್ಕೆ ಏರಿಸಿದ್ದು. ಮುಂದಿನ ಸಲ ಬಂದಾಗ ನಿದ್ದೆ ಬರುತ್ತದೆ, ಸೆರಗು ತಾಕಿದರೆ ತಡೆಯಬಲ್ಲೆ ಎಂದರು. ಉರಿ ಪೂರ್ತಿ ಹೋಗಿರಲಿಲ್ಲ. 300 ಮಾಡಲು ಪಟ್ಟಿಯಲ್ಲಿ ಜಾಗವಿತ್ತು, ಮಾಡಲಿಲ್ಲ. ರಾತ್ರಿ ಬಚ್ಚಲಿಗೆ ಏಳುವಾಗ ತೂರಾಡಿ ಬಿದ್ದು ಸೊಂಟದ ಎಲುಬು ಮುರಿದರೆ ಆ ಉಳಿದ ಉರಿಗಿಂತ ದುಬಾರಿ. ಚೀಟಿಯ ಮೇಲೆ ಮಗನಿಗಾಗಿ ಎರಡು ಸಾಲು ಬರೆದೆ: ವಾಂತಿ ಭೇದಿ ಹತ್ತಿದರೆ ಅಂದಿನ ಕ್ಯಾಪ್ಸೂಲ್ ಕೊಡುವ ಮುಂಚೆ ಫೋನ್ ಮಾಡು, ಮೂರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ಮತ್ತು ತೂಕ, ಎರಡೂ ನೋಡಿಸು.