ಮ್ಯಾಕ್ಸಿ ಡ್ರೆಸ್ ಕುರ್ತಾ ಆಗಬೇಕಾದರೆ ಕತ್ತರಿ ಮೊದಲು ಭುಜಕ್ಕೆ

ತೋಳಿಲ್ಲದ ಉದ್ದನೆಯ ಡ್ರೆಸ್ಸನ್ನು ಕುರ್ತಾ ಮಾಡುವುದು ಅಂದರೆ ಕೆಳಗಡೆ ಕತ್ತರಿಸಿ, ಒಂದು ಜೊತೆ ತೋಳು ಹಚ್ಚಿ, ಮೇಲೊಂದು ದುಪಟ್ಟಾ ಹಾಕಿಕೊಂಡರೆ ಆಯಿತು ಅಂತ ನಾನೂ ಅಂದುಕೊಂಡಿದ್ದೆ. ಮೊದಲ ಸಲ ಹಾಗೇ ಮಾಡಿದೆ. ಕನ್ನಡಿ ಮುಂದೆ ಕೈ ಇಳಿಬಿಟ್ಟು ನಿಂತಾಗ ಚೆನ್ನಾಗಿಯೇ ಇತ್ತು. ಕಪಾಟಿನ ಮೇಲಿನ ಡಬ್ಬಿ ತೆಗೆಯಲು ಕೈ ಎತ್ತಿದೆ ನೋಡಿ, ಇಡೀ ಬಟ್ಟೆ ಮೊಣಕಾಲಿನವರೆಗೆ ಮೇಲೆ ಬಂತು. ಕಂಕುಳಿನ ಹತ್ತಿರ ಟರ್ ಅಂತ ಒಂದು ಸದ್ದೂ ಬಂತು.

ತಪ್ಪಾಗಿದ್ದು ತೋಳಿನಲ್ಲಲ್ಲ. ಸೊಂಟದಲ್ಲಿ ಹೊಲಿಗೆ ಇರುವ ಡ್ರೆಸ್ ಮೈಗೆ ಹಿಡಿದು ನಿಲ್ಲುವುದು ಸೊಂಟದಲ್ಲಿ. ಮೇಲ್ಭಾಗ ಬಿಗಿ, ಭುಜ ಒಳಕ್ಕೆ ಕೊರೆದಿರುತ್ತದೆ. ಕುರ್ತಾ ಹಾಗಲ್ಲ. ಅದು ಭುಜದಿಂದ ಇಳಿಯುವ ಬಟ್ಟೆ. ಸೊಂಟದ ಹಿಡಿತವನ್ನು ಬಿಡಿಸಿ ಆ ಭಾರವನ್ನು ಭುಜಕ್ಕೆ ಕೊಡಬೇಕು. ಕತ್ತು, ತೋಳು, ದುಪಟ್ಟಾ ಎಲ್ಲವೂ ಆಮೇಲೆ.

ಎರಡನೇ ಸಲ ನನ್ನ ತಂಗಿಯ ರೇಯಾನ್ ಡ್ರೆಸ್ಸನ್ನು ಸರಿಯಾಗಿ ಮಾಡಿದೆ. ಅದರ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ. ನಿಮ್ಮ ಅಳತೆ ಬೇರೆ ಇರುತ್ತದೆ, ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ಮೊದಲು ಟೇಪ್ ಹಿಡಿಯಿರಿ

ಡ್ರೆಸ್ ಉದ್ದ 55 ಇಂಚು: ಭುಜದಿಂದ ಸೊಂಟಕ್ಕೆ 15, ಸೊಂಟದಿಂದ ಕೆಳಗೆ 40. ಎದೆ ಸುತ್ತಳತೆ 35½, ಸೊಂಟ 29, ಕೆಳಗಿನ ಘೇರು 87 ಇಂಚು. ಮುಂದೆ ವಿ ಕತ್ತು, 8 ಇಂಚು ಆಳ. ಬೆನ್ನಿಗೆ ಜಿಪ್. ಭುಜದ ಅಗಲ ಈ ತುದಿಯಿಂದ ಆ ತುದಿಗೆ 12 ಇಂಚು. ತಂಗಿಯ ಭುಜ 14 ಇಂಚು, ಎದೆ 33.

ಸೊಂಟದ ಹತ್ತಿರ ಬಟ್ಟೆಯನ್ನು ಒಳಮಗ್ಗುಲು ಮಾಡಿ ನೋಡಿ. ಎದೆಯ ಕೆಳಗೆ ಚೂಪಾಗಿ ಹಿಡಿದ ಟಕ್ಸ್ ಕಾಣುತ್ತವೆ. ಇದರಲ್ಲಿ ಮುಂದೆ ಎರಡು, ಹಿಂದೆ ಎರಡು ಇದ್ದವು. ಒಂದೊಂದರಲ್ಲೂ ಒಂದೂಕಾಲು ಇಂಚು ಬಟ್ಟೆ ಅಡಗಿತ್ತು. ನಾಲ್ಕನ್ನೂ ಬಿಚ್ಚಿದರೆ 5 ಇಂಚು ಸಿಗುತ್ತದೆ. ಆದರೆ ಮೊದಲು ಒಂದು ಟಕ್ಸನ್ನು ಅರ್ಧ ಇಂಚಿನಷ್ಟು ಮಾತ್ರ ಬಿಚ್ಚಿ, ಬೆಳಕಿಗೆ ಹಿಡಿಯಿರಿ. ಒಳಗಡೆ ಬಟ್ಟೆ ಕತ್ತರಿಸಿ ಹಾಕಿದ್ದರೆ, ಅಥವಾ ಹೊರಗಿನ ಬಣ್ಣ ಮಾಸಿ ಒಳಗಿನದು ಗಾಢವಾಗಿಯೇ ಉಳಿದಿದ್ದರೆ, ಆ ಟಕ್ಸ್ ಬಿಚ್ಚಬೇಡಿ. ಎಷ್ಟು ಇಸ್ತ್ರಿ ಮಾಡಿದರೂ ಆ ಗೆರೆ ಹೋಗುವುದಿಲ್ಲ. ಅಂಥ ಡ್ರೆಸ್ಸಿಗೆ ಪಕ್ಕದಲ್ಲಿ ಜಿಪ್ ಹಾಕಿಕೊಂಡೇ ಮುಂದುವರಿಯಿರಿ.

ದುಪಟ್ಟಾ ಬಟ್ಟೆ ಈಗಲೇ ಬೇಕು

ದುಪಟ್ಟಾವನ್ನು ಕೊನೆಗೆ ತಂದರೆ ಅದು ಬೇರೆ ಎಲ್ಲಿಂದಲೋ ಬಂದಂತೆ ಕಾಣುತ್ತದೆ. ಅದೇ ಬಟ್ಟೆಯನ್ನು ಭುಜಕ್ಕೂ ತೋಳಂಚಿಗೂ ಬಳಸಿದರೆ ಇಡೀ ಸೆಟ್ ಒಂದೇ ಕೈಯಲ್ಲಿ ಆದಂತೆ ಇರುತ್ತದೆ. 44 ಇಂಚು ಅಗಲದ ತೆಳು ಕಾಟನ್ 3 ಮೀಟರ್ ಸಾಕು. ಎರಡೂವರೆ ಮೀಟರ್ ದುಪಟ್ಟಾಕ್ಕೆ, ಉಳಿದ ಅರ್ಧ ಮೀಟರ್ ಭುಜಕ್ಕೆ. ದುಪಟ್ಟಾಕ್ಕೆ 36 ಇಂಚು ಅಗಲ ಇಟ್ಟುಕೊಂಡರೆ ಪಕ್ಕದಲ್ಲಿ 8 ಇಂಚಿನ ಉದ್ದ ಪಟ್ಟಿ ಮಿಗುತ್ತದೆ. ತೋಳಿನ ಅಂಚು ಅದರಲ್ಲೇ ಆಗುತ್ತದೆ.

ಶಿಫಾನ್ ಬೇಡ. ಭುಜದ ಭಾಗಕ್ಕೆ ಅದು ತೀರಾ ಮೆತ್ತಗೆ, ರೇಯಾನ್ ಭಾರಕ್ಕೆ ಜೋತು ಬೀಳುತ್ತದೆ. ಯಾವ ಕಾಟನ್ ತಂದರೂ ಕತ್ತರಿಸುವ ಮೊದಲು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಡ್ರೆಸ್ ಹತ್ತಾರು ಸಲ ಒಗೆದು ಕುಗ್ಗುವಷ್ಟು ಕುಗ್ಗಿರುತ್ತದೆ. ಹೊಸ ಬಟ್ಟೆ ಇನ್ನೂ ಕುಗ್ಗಬೇಕು. ಇದನ್ನು ಬಿಟ್ಟರೆ ಮೊದಲ ಒಗೆತಕ್ಕೇ ಭುಜ ಸುಕ್ಕು ಹಿಡಿದು ಕೂರುತ್ತದೆ.

ಸೊಂಟ ಬಿಡಿಸುವುದು

ಜಿಪ್ ತೆಗೆದು, ಸೊಂಟದ ಹೊಲಿಗೆ ಪೂರ್ತಿ ಬಿಚ್ಚಿ. ಈಗ ಮೇಲಿನದು, ಕೆಳಗಿನದು ಬೇರೆ ಬೇರೆ. ಮೇಲಿನ ಟಕ್ಸ್ ಬಿಚ್ಚಿ, ಹಬೆ ಇಸ್ತ್ರಿ ಕೊಡಿ. ಜಿಪ್ ಇದ್ದ ಜಾಗವನ್ನು ಹಳೆಯ ಗೆರೆಯಲ್ಲೇ ಹೊಲಿದು ಮುಚ್ಚಿ. ಸೊಂಟ 29 ಇದ್ದದ್ದು 34 ಆಯಿತು. ಎದೆ ಅಳತೆ 33 ಇರುವುದರಿಂದ ಜಿಪ್ ಇಲ್ಲದೆ ತಲೆ ಮೇಲಿಂದ ಹಾಕಿಕೊಳ್ಳಬಹುದು. ನಿಮ್ಮ ಡ್ರೆಸ್ಸಿನಲ್ಲಿ ಸೊಂಟ ಎದೆಯಷ್ಟು ಬರದಿದ್ದರೆ ಪಕ್ಕದ ಜಿಪ್ ಬೇಕೇ ಬೇಕು.

ಮೇಲಿನದು 34 ಆಯಿತು, ಕೆಳಗಿನದು ಇನ್ನೂ 29. ಏನು ಮಾಡುವುದು? ಘೇರಿನ ಬಟ್ಟೆಯ ಒಳ್ಳೆಯ ಗುಣ ಅಂದರೆ ಕೆಳಗೆ ಹೋದಷ್ಟೂ ಅದು ಅಗಲವಾಗುತ್ತದೆ. 40 ಇಂಚು ಇಳಿಯುವಷ್ಟರಲ್ಲಿ 29 ಹೋಗಿ 87 ಆಗುತ್ತದೆ, ಅಂದರೆ ಒಂದು ಇಂಚು ಇಳಿದರೆ ಸುಮಾರು ಒಂದೂವರೆ ಇಂಚು ಸುತ್ತಳತೆ. ಹಾಗಾಗಿ ಹಳೆಯ ಸೊಂಟದಿಂದ ಮೂರೂವರೆ ಇಂಚು ಕೆಳಗೆ ಅದೇ ಬಟ್ಟೆ 34 ಇಂಚು ಇರುತ್ತದೆ. ಮೂರೂವರೆಗೆ ಚಾಕಿನಲ್ಲಿ ಗೆರೆ ಎಳೆಯಿರಿ. ಕತ್ತರಿಸುವುದು ಮೂರಕ್ಕೆ, ಉಳಿದ ಅರ್ಧ ಇಂಚು ಹೊಲಿಗೆಗೆ. ನೆರಿಗೆ ಹಿಡಿಯದೆ, ಎಳೆಯದೆ ಎರಡೂ ಸರಿಯಾಗಿ ಕೂಡುತ್ತವೆ. ಈಗಲೇ ಹೊಲಿಯಬೇಡಿ, ಭುಜ ಆಗಲಿ.

ಉದ್ದ 51½ ಇಂಚಿಗೆ ಬಂತು. ನಮಗೆ ಬೇಕಾದದ್ದು 42 ಇಂಚಿನ ಕುರ್ತಾ, ಮಡಿಚಲು ಒಂದು ಇಂಚು. ಕೆಳಗಿನಿಂದ ಎಂಟೂವರೆ ಇಂಚು ಅಗಲದ ಪಟ್ಟಿ ಸಿಗುತ್ತದೆ. ಅದು ತೋಳಿಗೆ.

ಭುಜ ಮತ್ತು ಕತ್ತು ಒಟ್ಟಿಗೆ

ಹಳೆಯ ಭುಜಕ್ಕೆ ಪಕ್ಕದಲ್ಲಿ ಒಂದೊಂದು ಇಂಚು ಜೋಡಿಸಿ ಸರಿ ಮಾಡಲು ಹೋಗಬೇಡಿ. ಅದು ತೇಪೆಯಂತೆಯೇ ಕಾಣುತ್ತದೆ. ಭುಜದ ಭಾಗವನ್ನೇ ತೆಗೆದು ಹೊಸ ಯೋಕ್, ಅಂದರೆ ಭುಜ ಕತ್ತು ಎರಡೂ ಸೇರಿದ ಮೇಲಿನ ತುಂಡು, ಕೂರಿಸಿ. ಆಳವಾದ ಕತ್ತಿನ ಸಮಸ್ಯೆಯೂ ಅದರ ಜೊತೆಗೇ ಮುಗಿಯುತ್ತದೆ.

ಮುಂಭಾಗದಲ್ಲಿ ಭುಜದ ತುದಿಯಿಂದ ನಾಲ್ಕೂವರೆ ಇಂಚು ಕೆಳಗೆ, ತೋಳಿನ ಸುತ್ತಿನ ಅಂಚಿಗೆ ಒಂದು ಗುರುತು. ಕತ್ತಿನ ಬುಡದಿಂದ ಅಳೆದು 9 ಇಂಚು ಕೆಳಗೆ, ನಟ್ಟನಡುವೆ ಇನ್ನೊಂದು ಗುರುತು. ಹಳೆಯ ವಿ 8 ಇಂಚು ಇತ್ತಲ್ವಾ, ಈ ಗುರುತು ಅದಕ್ಕಿಂತ ಕೆಳಗಿದೆ. ಎರಡೂ ಕಡೆಯಿಂದ ನಡುವಿಗೆ ಇಳಿಜಾರಾಗಿ ಗೆರೆ ಎಳೆದರೆ ಅಗಲವಾದ ವಿ ಆಕಾರದ ಯೋಕ್ ಆಗುತ್ತದೆ. ಹಿಂಭಾಗದಲ್ಲಿ ನಾಲ್ಕೂವರೆಗೆ ನೇರ ಗೆರೆ ಸಾಕು. ಕತ್ತರಿಸುವಾಗ ಗೆರೆಯ ಮೇಲೆ ಅರ್ಧ ಇಂಚು ಬಿಡಿ. ಕತ್ತರಿಸಿದ ಕೂಡಲೇ ಅಂಚಿನ ಉದ್ದಕ್ಕೂ ಒಂದು ಹೊಲಿಗೆ ಓಡಿಸಿ. ಓರೆ ಕತ್ತರಿಸಿದ ರೇಯಾನ್ ಸುಮ್ನೆ ಕೈಯಲ್ಲಿ ಹಿಡಿದರೂ ಹಿಗ್ಗುತ್ತದೆ.

ಹೊಸ ಯೋಕಿನ ಆಕಾರವನ್ನು ಕಾಗದದ ಮೇಲೆ ಬರೆಯಿರಿ. ಭುಜ 14 ಇಂಚು. ಕತ್ತಿನ ಅಗಲ 6, ಮುಂದಿನ ಆಳ 5, ಹಿಂದಿನ ಆಳ ಒಂದೂವರೆ. ಈ ಕತ್ತಿನ ಸುತ್ತಳತೆ ಸುಮಾರು 20 ಇಂಚು. ತಲೆ 22 ಇರುತ್ತದೆ, ತೂರುವುದಿಲ್ಲ. ಅದಕ್ಕೇ ಮುಂದೆ 3 ಇಂಚಿನ ಸೀಳು. ಕತ್ತನ್ನೇ ಅಗಲ ಮಾಡಿದರೆ ಸೀಳು ಬೇಡವಲ್ಲ ಅನ್ನಿಸಬಹುದು. ಆದರೆ ದುಪಟ್ಟಾ ಪಿನ್ ಮಾಡಿದ ಕಡೆ ಅಗಲ ಕತ್ತು ಜಾರುತ್ತದೆ, ಒಳಗಿನ ಪಟ್ಟಿ ಇಣುಕುತ್ತದೆ. ದುಪಟ್ಟಾ ಇರುವ ಕುರ್ತಾಕ್ಕೆ ಕತ್ತು ಕಿರಿದಾಗಿರುವುದೇ ಒಳ್ಳೆಯದು.

ಭುಜದ ಇಳಿಜಾರಿಗೆ ಕತ್ತಿನ ಬುಡಕ್ಕಿಂತ ತುದಿ ಒಂದೂವರೆ ಇಂಚು ಕೆಳಗೆ ಅಂತ ಶುರು ಮಾಡಿ. ಇದನ್ನು ಒಂದು ಹಳೆಯ ಬಟ್ಟೆಯಲ್ಲಿ ಕತ್ತರಿಸಿ, ಪಿನ್ ಮಾಡಿ, ಮೈ ಮೇಲೆ ಹಾಕಿ ನೋಡಿ. ಬೆನ್ನಿನಲ್ಲಿ ಕತ್ತಿನ ಕೆಳಗೇ ಅಡ್ಡಡ್ಡ ಮಡಿಕೆ ಬಿದ್ದರೆ ಭುಜ ನೇರ ಅಂತ ಅರ್ಥ. ತುದಿಯನ್ನು ಅರ್ಧ ಇಂಚು ಮೇಲೆತ್ತಿ. ಕತ್ತಿನ ಬುಡದಿಂದ ಕಂಕುಳಿಗೆ ಓರೆ ಸುಕ್ಕು ಓಡಿದರೆ ಭುಜ ಇಳಿಜಾರು, ಅರ್ಧ ಇಂಚು ಇಳಿಸಿ. ತಂಗಿಗೆ ಎಡಗಡೆ ಮಾತ್ರ ಓರೆ ಸುಕ್ಕು ಬಂತು. ಆ ಒಂದು ಭುಜವನ್ನೇ ಕಾಲು ಇಂಚು ಇಳಿಸಿದೆ, ಹೊರಗಿನವರಿಗೆ ಗೊತ್ತೇ ಆಗಲಿಲ್ಲ.

ಯೋಕನ್ನು ಎರಡು ಪದರದಲ್ಲಿ ಕತ್ತರಿಸಿ. ಎರಡು ಪದರದಲ್ಲೂ ಭುಜ ಜೋಡಿಸಿ, ಒಳ್ಳೆ ಮಗ್ಗುಲು ಎದುರುಬದುರು ಇಟ್ಟು ಕತ್ತು ಮತ್ತು ಸೀಳನ್ನು ಹೊಲಿಯಿರಿ. ಸೀಳಿನ ಹಿಂದೆ ಮಾತ್ರ ಅಂಟಿಸುವ ಕ್ಯಾನ್ವಾಸ್ ಪಟ್ಟಿ ಇರಲಿ. ತಿರುವುಗಳಲ್ಲಿ ಹೊಲಿಗೆಯವರೆಗೆ ಸಣ್ಣ ಸಣ್ಣ ಕಚ್ಚು ಹಾಕಿ ಮಗುಚಿ. ಕಚ್ಚು ಕಡಿಮೆಯಾದರೆ ಕತ್ತು ಉಂಡೆಯಾಗುತ್ತದೆ. ಆಮೇಲೆ ಡ್ರೆಸ್ಸಿನ ಅಂಚನ್ನು ಎರಡು ಪದರದ ನಡುವೆ ಸೇರಿಸಿ ಹೊಲಿಯಿರಿ. ಮುಂದಿನ ವಿ ತುದಿಯಲ್ಲಿ ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ, ಪಾದ ಎತ್ತಿ, ತಿರುಗಿಸಿ. ಇಲ್ಲಿ ಅವಸರ ಮಾಡಿದರೆ ತುದಿ ಮೂಗಿನಂತೆ ಎದ್ದು ನಿಲ್ಲುತ್ತದೆ.

ತೋಳು, ಕೆಳಗಿನ ಅಂಚು

ತೋಳಿಲ್ಲದ ಡ್ರೆಸ್ಸಿನ ಕಂಕುಳು ಮೈಗೆ ಹತ್ತಿರ ಇರುತ್ತದೆ. ಅದನ್ನು ಅರ್ಧ ಇಂಚು ಕೆಳಗೆ ಕೊರೆಯಿರಿ. ಯೋಕಿನ ತುದಿಯಿಂದ ಕಂಕುಳಿನವರೆಗೆ ತೋಳಿನ ಸುತ್ತು ಒಂದೇ ತಿರುವಿನಲ್ಲಿ ಇಳಿಯಬೇಕು, ಮೆಟ್ಟಿಲಾಗಬಾರದು.

ಎಂಟೂವರೆ ಇಂಚಿನ ಪಟ್ಟಿಯಲ್ಲಿ ನಾಲ್ಕು ಪೀಸ್ ಜೋಡಣೆ ಇತ್ತು. ತೋಳಿನ ನಡುಗೆರೆ ಪೀಸಿನ ನಟ್ಟನಡುವೆ ಬರುವಂತೆ ಇಟ್ಟು ಕತ್ತರಿಸಿದೆ. ಅಂಚಿನ ಕಡೆ ಎಳೆ ಓರೆ ಇರುತ್ತದೆ, ಅಲ್ಲಿ ಕತ್ತರಿಸಿದ ತೋಳು ಕೈಯ ಮೇಲೆ ಸುತ್ತಿಕೊಳ್ಳುತ್ತದೆ. ತೋಳಿನ ತಲೆಯ, ಅಂದರೆ ಭುಜಕ್ಕೆ ಕೂರುವ ಮೇಲಿನ ಬಾಗಿದ ಭಾಗದ, ಎತ್ತರ ನಾಲ್ಕೂವರೆ ಇಂಚು. ಅದರ ತಿರುವು ತೋಳಿನ ಸುತ್ತಿಗಿಂತ ಮುಕ್ಕಾಲು ಇಂಚು ಜಾಸ್ತಿ ಇದ್ದರೆ ಸಾಕು. ಕೆಳಗೆ 3 ಇಂಚಿನ ಕಾಟನ್ ಅಂಚು ಸೇರಿ ಹತ್ತೂವರೆ ಇಂಚಿನ ತೋಳು ಆಯಿತು. ಹಚ್ಚಿದ ಮೇಲೆ ಎರಡೂ ಕೈ ಎತ್ತಿ ನೋಡಿ. ಕೆಳಗಿನ ಅಂಚು ಎರಡು ಇಂಚಿಗಿಂತ ಜಾಸ್ತಿ ಏರಿದರೆ ತೋಳಿನ ತಲೆ ಎತ್ತರವಾಯಿತು ಅಂತ ಲೆಕ್ಕ.

ಸೊಂಟ ಜೋಡಿಸಿ, ಕೆಳಗೆ ಮಡಿಚದೆ ಒಂದು ರಾತ್ರಿ ಹ್ಯಾಂಗರಿಗೆ ಹಾಕಿ. ಘೇರಿನ ಬಟ್ಟೆ ಪಕ್ಕಗಳಲ್ಲಿ ಇಳಿಯುತ್ತದೆ. ಇದರಲ್ಲಿ ಬೆಳಿಗ್ಗೆ ನೋಡಿದರೆ ಮುಕ್ಕಾಲು ಇಂಚು ಇಳಿದಿತ್ತು. ಹಾಕಿಕೊಂಡು ನೆಲದಿಂದ ಸಮ ಎತ್ತರಕ್ಕೆ ಗುರುತು ಮಾಡಿಸಿ, ಹೆಚ್ಚಾದದ್ದು ಕತ್ತರಿಸಿ, ಕಿರಿದಾಗಿ ಮಡಿಚಿ ಹೊಲಿಯಿರಿ. ಇಷ್ಟು ಘೇರು ಇರುವಾಗ ಪಕ್ಕದ ಕಟ್ ಬೇಡ. ನಡೆಯುವಾಗ ಪಟಪಟ ಅಂತ ಹಾರುತ್ತದೆ.

ದುಪಟ್ಟಾ ನಿಲ್ಲುವಂತೆ

ಅಂಚಿಗೆ ಪೀಕೋ ಹೊಡೆಸಿ. ಒಂದೇ ಭುಜಕ್ಕೆ ಹಾಕುವುದಾದರೆ ಆರು ಇಂಚಿನ ಆರು ಮಡಿಕೆ ಮಾಡಿ. ಪಿನ್ನನ್ನು ಕತ್ತಿನ ಹತ್ತಿರ ಹಾಕಬೇಡಿ, ಭುಜದ ತುದಿಯಿಂದ ಒಂದೂವರೆ ಇಂಚು ಒಳಗೆ ಹಾಕಿ. ಬರೀ ಮೇಲಿನ ಬಟ್ಟೆಗೆ ಚುಚ್ಚದೆ ಯೋಕಿನ ಭುಜದ ಹೊಲಿಗೆಗೇ ಚುಚ್ಚಿ. ಅಲ್ಲಿ ನಾಲ್ಕಾರು ಪದರ ಇರುವುದರಿಂದ ಬಟ್ಟೆ ಹರಿಯುವುದಿಲ್ಲ. ದಿನವೂ ಹಾಕುವುದಾದರೆ ಪಿನ್ನೇ ಬೇಡ. ಭುಜದ ಹೊಲಿಗೆಯ ಮೇಲೆ ಒಂದು ಪ್ರೆಸ್ ಬಟನ್ನಿನ ಅರ್ಧ, ಮಡಿಕೆಗಳನ್ನು ಸೇರಿಸಿ ಹೊಲಿದ ಜಾಗದ ಅಡಿಗೆ ಇನ್ನರ್ಧ.

ಹಾಕಿಕೊಂಡ ಮೇಲೆ ಹತ್ತು ಹೆಜ್ಜೆ ನಡೆದು, ಬಗ್ಗಿ, ಕನ್ನಡಿ ನೋಡಿ. ಮುಂದಿನ ಸೀಳು ಪಕ್ಕಕ್ಕೆ ವಾಲಿದ್ದರೆ ಹಿಂದೆ ಇಳಿಬಿಟ್ಟ ತುದಿ ಭಾರವಾಗಿ ಭುಜವನ್ನು ಎಳೆಯುತ್ತಿದೆ. ಹಿಂದಿನದನ್ನು ಅಂಗೈ ಅಗಲದಷ್ಟು ಮುಂದಕ್ಕೆ ಎಳೆದುಕೊಂಡು ಮತ್ತೆ ಪಿನ್ ಮಾಡಿ.