ರಾತ್ರಿ ಪಾಳಿಯ ಗಂಟೆ ಲೆಕ್ಕ: ಮೈನಸ್ ಬರುವ ಕಡೆ MOD ಹಾಕಿ

ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯ ಹಾಜರಿ ಪುಸ್ತಕ ಎಂದಿಟ್ಟುಕೊಳ್ಳಿ. ಮೂರನೇ ಪಾಳಿಯವರು ರಾತ್ರಿ 10ಕ್ಕೆ ಒಳಗೆ ಬಂದು ಬೆಳಗ್ಗೆ 6ಕ್ಕೆ ಹೊರಡುತ್ತಾರೆ. ಪುಸ್ತಕದಲ್ಲಿ ನೋಡಿದವರಿಗೆ ಇದು 8 ಗಂಟೆ ಎಂದು ತಟ್ಟನೆ ಗೊತ್ತಾಗುತ್ತದೆ. ಅದನ್ನೇ ಎಕ್ಸೆಲ್‌ಗೆ ಹಾಕಿ, ಹೊರಟ ಸಮಯದಿಂದ ಬಂದ ಸಮಯವನ್ನು ಕಳೆದರೆ ಸೆಲ್ ತುಂಬ ##### ಬರುತ್ತದೆ. ಲಿಬ್ರೆ ಆಫೀಸ್, ಗೂಗಲ್ ಶೀಟ್ಸ್‌ನಲ್ಲಾದರೆ ಮೈನಸ್ 16 ಗಂಟೆ ಎಂದು ಕಾಣುತ್ತದೆ.

ಕಾರಣ ಸರಳ. ಸ್ಪ್ರೆಡ್‌ಶೀಟ್‌ಗೆ ಒಂದು ದಿನ ಎಂದರೆ 1, ಸಮಯ ಅದರ ಭಾಗ. ಬೆಳಗ್ಗೆ 6 ಗಂಟೆ 0.25, ರಾತ್ರಿ 10 ಗಂಟೆ ಸುಮಾರು 0.9167. ತಾರೀಖು ಬರೆಯದಿದ್ದರೆ 6 ಗಂಟೆ ಮರುದಿನದ್ದು ಎಂದು ಅದಕ್ಕೆ ತಿಳಿಯುವುದು ಹೇಗೆ? 0.25ರಿಂದ 0.9167 ಕಳೆದು ಮೈನಸ್ 0.6667 ಎನ್ನುತ್ತದೆ. ಎಕ್ಸೆಲ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೈನಸ್ ಸಮಯ ತೋರಿಸಲು ಬರುವುದಿಲ್ಲ, ಹಾಗಾಗಿ ಗೆರೆಗಳು.

MOD ಮಾಡುವುದು ಭಾಗಿಸಿ ಶೇಷ ಕೊಡುವ ಕೆಲಸ. 1ರಿಂದ ಭಾಗಿಸಿದರೆ ಪೂರ್ತಿ ದಿನಗಳು ಬಿದ್ದುಹೋಗಿ ಉಳಿದ ಭಾಗ ಸಿಗುತ್ತದೆ. ಇಲ್ಲಿ ನಮಗೆ ಬೇಕಾದ ಗುಣ ಇನ್ನೊಂದಿದೆ: ಭಾಜಕ ಪ್ಲಸ್ ಇದ್ದರೆ ಸ್ಪ್ರೆಡ್‌ಶೀಟ್‌ನ MOD ಉತ್ತರವನ್ನೂ ಪ್ಲಸ್‌ನಲ್ಲೇ ಕೊಡುತ್ತದೆ. ಮೈನಸ್ 16 ಗಂಟೆಗೆ ಒಂದು ದಿನ, ಅಂದರೆ 24 ಗಂಟೆ ಸೇರಿಸಿ 8 ಗಂಟೆ ಮಾಡುತ್ತದೆ. ಹಗಲು ಪಾಳಿಯ ಉತ್ತರ ಮೊದಲೇ ಪ್ಲಸ್ ಇರುವುದರಿಂದ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಮೂರೂ ಪಾಳಿಗೆ ಒಂದೇ ಸೂತ್ರ ಸಾಕು.

ಹಾಳೆ ಸಿದ್ಧ ಮಾಡುವುದು

A ಕಾಲಂನಲ್ಲಿ ತಾರೀಖು, Bಯಲ್ಲಿ ಬಂದ ಸಮಯ, Cಯಲ್ಲಿ ಹೊರಟ ಸಮಯ, Dಯಲ್ಲಿ ಸಂಬಳವಿಲ್ಲದ ಊಟದ ಬಿಡುವು (0:30), Eಯಲ್ಲಿ ಕೆಲಸದ ಗಂಟೆ. ಮೊದಲ ಸಾಲು ತಲೆಬರಹಕ್ಕೆ. E ಕಾಲಂಗೆ h:mm ಫಾರ್ಮ್ಯಾಟ್ ಕೊಟ್ಟು, E2ರಲ್ಲಿ ಹೀಗೆ ಬರೆದು ಕೆಳಗೆ ಎಳೆಯಿರಿ:

```
=IF(COUNT(B2:C2)<2,"",MOD(C2-B2,1)-D2)
```

ಮುಂದಿನ COUNT ಸುಮ್ಮನೆ ಅಲಂಕಾರಕ್ಕಲ್ಲ. ಹೊರಟ ಸಮಯ ಬರೆಯಲು ಮರೆತಿದ್ದಾರೆ ಎನ್ನಿ. ಖಾಲಿ ಸೆಲ್ ಎಂದರೆ ಸೊನ್ನೆ, ಸೊನ್ನೆ ಎಂದರೆ ನಡುರಾತ್ರಿ. ಬರೀ MOD ಇದ್ದರೆ ರಾತ್ರಿ 10ಕ್ಕೆ ಬಂದವನಿಗೆ 2 ಗಂಟೆ ಕೆಲಸ ಎಂದು ಬರೆದುಬಿಡುತ್ತದೆ. ನೋಡುವುದಕ್ಕೆ ಸರಿಯಾದ ಸಂಖ್ಯೆಯೇ, ಯಾರೂ ತಿರುಗಿ ನೋಡುವುದಿಲ್ಲ. COUNT ಎರಡೂ ಸಮಯ ಸಂಖ್ಯೆಯಾಗಿ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಸೆಲ್ ಖಾಲಿ ಬಿಡುತ್ತದೆ.

ಚುಕ್ಕಿಯ ಕಾಟ

ನಮ್ಮ ಕಡೆ ಕೈಬರಹದಲ್ಲಿ ಗಂಟೆ, ನಿಮಿಷಗಳ ನಡುವೆ ಚುಕ್ಕಿ ಇಡುವುದು ರೂಢಿ: 10.30, 6.45. ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲಿಯೇ. 22.30 ಎಂದು ಚುಕ್ಕಿ ಹಾಕಿ ಬರೆದರೆ ಕಂಪ್ಯೂಟರ್ ಅದನ್ನು 22.3 ದಿನ ಎಂದು ತಿಳಿಯುತ್ತದೆ. 22.30ಕ್ಕೆ ಬಂದು 6.45ಕ್ಕೆ ಹೊರಟವನ ನಿಜವಾದ ಪಾಳಿ 8 ಗಂಟೆ 15 ನಿಮಿಷ. ಆದರೆ 6.45ರಿಂದ 22.30 ಕಳೆದರೆ ಮೈನಸ್ 15.85, ಅದರ MOD 0.15, ಅಂದರೆ 3 ಗಂಟೆ 36 ನಿಮಿಷ. MOD ಇಲ್ಲದಿದ್ದರೆ ಗೆರೆಗಳಾದರೂ ಬಂದು ತಪ್ಪು ಕಣ್ಣಿಗೆ ಬೀಳುತ್ತಿತ್ತು. MOD ಎಂಥ ತಪ್ಪನ್ನೂ ನುಣ್ಣಗೆ ಮಾಡಿ ಕೊಡುತ್ತದೆ, ಅದೇ ಅದರ ದೋಷ.

ಇದಕ್ಕೆ ಬಾಗಿಲಲ್ಲೇ ತಡೆ ಹಾಕುವುದು ಒಳ್ಳೆಯದು. B ಮತ್ತು C ಕಾಲಂಗಳ ಸೆಲ್‌ಗಳನ್ನು ಆರಿಸಿ, ಎಕ್ಸೆಲ್‌ನ Data ಮೆನುವಿನಲ್ಲಿ Data Validation ತೆರೆಯಿರಿ. Allow ಎಂಬಲ್ಲಿ Time, ಕೆಳಗೆ between, ಆರಂಭಕ್ಕೆ 0:00, ಕೊನೆಗೆ 23:59 ಕೊಡಿ. ಇನ್ನು ಮೇಲೆ ಚುಕ್ಕಿಯ 22.30 ಒಳಗೆ ಬರುವುದಿಲ್ಲ, "ರಾತ್ರಿ 10" ಎಂಬ ಅಕ್ಷರವೂ ಬರುವುದಿಲ್ಲ. ಒಂದು ಎಚ್ಚರ: ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದ್ದಕ್ಕೆ ಈ ತಡೆ ತಾಗುವುದಿಲ್ಲ.

ಈ ತಡೆಯನ್ನೂ ದಾಟಿ ಬರುವ ತಪ್ಪು ಒಂದಿದೆ: ನಡುರಾತ್ರಿಯ ಹನ್ನೆರಡೂವರೆ. 24 ಗಂಟೆಯ ಬರಹದಲ್ಲಿ ಅದು 0:30. 12:30 ಎಂದು ಬರೆದರೆ ಮಧ್ಯಾಹ್ನವಾಗುತ್ತದೆ. ಮಧ್ಯಾಹ್ನ 2ರಿಂದ (14:00) ರಾತ್ರಿ ಹನ್ನೆರಡೂವರೆವರೆಗಿನ ಹತ್ತೂವರೆ ಗಂಟೆ ಆಗ ಇಪ್ಪತ್ತೆರಡೂವರೆ ಆಗಿಬಿಡುತ್ತದೆ. ಬಂದ ಸಮಯ, ಹೊರಟ ಸಮಯ ಅದಲು ಬದಲಾದರೂ ಹೀಗೆಯೇ, 8 ಗಂಟೆ ಹೋಗಿ 16 ಬರುತ್ತದೆ. ಹಾಗಾಗಿ F ಕಾಲಂನಲ್ಲಿ ಒಂದು ಕಾವಲು ಇರಲಿ:

```
=IF(E2="","ಖಾಲಿ",IF(E2>TIME(12,0,0),"ನೋಡಿ",""))
```

ಒಂದು ವಾರದ ಲೆಕ್ಕ

ಒಬ್ಬ ಕೆಲಸಗಾರನ ಆರು ದಿನ. ಸೋಮವಾರ 22:00ರಿಂದ 6:00, ಮಂಗಳವಾರ 22:00ರಿಂದ 6:20, ಬುಧವಾರ 21:45ರಿಂದ 6:00, ಗುರುವಾರ 22:10ರಿಂದ 6:00. ಶುಕ್ರವಾರ ಕರೆಂಟ್ ಹೋಗಿ ಕುಲುಮೆ ತಡವಾಯಿತು, 22:00ರಿಂದ 7:15. ಶನಿವಾರ ಎರಡನೇ ಪಾಳಿ, 14:00ರಿಂದ 0:30. ಪ್ರತಿದಿನ ಅರ್ಧ ಗಂಟೆ ಬಿಡುವು ಕಳೆದರೆ ಕ್ರಮವಾಗಿ 7:30, 7:50, 7:45, 7:20, 8:45, 10:00 ಬರುತ್ತದೆ.

E8ರಲ್ಲಿ `=SUM(E2:E7)` ಹಾಕಿದಾಗ 1:10 ಎಂದು ಕಂಡರೆ ಗಾಬರಿ ಬೇಡ. ಒಳಗಿರುವ ಮೊತ್ತ ಸರಿಯಾಗಿಯೇ 49 ಗಂಟೆ 10 ನಿಮಿಷ. h:mm ಎಂಬ ಫಾರ್ಮ್ಯಾಟ್ 24 ಗಂಟೆ ತುಂಬಿದಾಗಲೆಲ್ಲ ಗಡಿಯಾರದ ಮುಳ್ಳಿನ ಹಾಗೆ ಮತ್ತೆ ಸೊನ್ನೆಯಿಂದ ಶುರುಮಾಡುತ್ತದೆ. Format Cells ತೆರೆದು Custom ಎಂಬಲ್ಲಿ `[h]:mm` ಬರೆಯಿರಿ. ಚೌಕ ಕಂಸ ಇದ್ದರೆ 49:10 ಎಂದೇ ಕಾಣುತ್ತದೆ.

ಕೂಲಿ ಗುಣಿಸುವಾಗ 24 ಮರೆಯಬಾರದು. ಗಂಟೆಗೆ 90 ರೂಪಾಯಿ ಎಂದಿಟ್ಟುಕೊಳ್ಳಿ, ಓವರ್‌ಟೈಮ್ ದರ ಸದ್ಯಕ್ಕೆ ಬದಿಗಿರಲಿ. E8 ಅನ್ನು ನೇರವಾಗಿ 90ರಿಂದ ಗುಣಿಸಿದರೆ ಬರುವುದು 184 ರೂಪಾಯಿ ಚಿಲ್ಲರೆ, ಏಕೆಂದರೆ ಸೆಲ್‌ನಲ್ಲಿರುವುದು ದಿನಗಳ ಲೆಕ್ಕ.

```
=ROUND(E8*24*90,2)
```

ಇದಕ್ಕೆ ಉತ್ತರ 4,425. ಈ ಸೆಲ್ ಸಮಯದಂತೆ ಕಂಡರೆ ಅದರ ಫಾರ್ಮ್ಯಾಟ್ ಅನ್ನು Number ಮಾಡಿ.

ಯಾವ ದಿನದ ಗಂಟೆ?

ಮಂಗಳವಾರ ಬೆಳಗಿನ 6 ಗಂಟೆಯವರೆಗಿನ ಕೆಲಸವನ್ನು ಸೋಮವಾರದ ಸಾಲಿನಲ್ಲೇ ಇಟ್ಟಿದ್ದೇವೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 57ನೇ ಸೆಕ್ಷನ್ ಹೇಳುತ್ತಿದ್ದುದೂ ಇದನ್ನೇ: ನಡುರಾತ್ರಿ ದಾಟುವ ಪಾಳಿಯಲ್ಲಿ 12ರ ನಂತರ ದುಡಿದ ಗಂಟೆಗಳು ಹಿಂದಿನ ದಿನಕ್ಕೆ ಸೇರುತ್ತವೆ. ತಿಂಗಳ ಕೊನೆಯ ರಾತ್ರಿ ಇದು ಮುಖ್ಯ. 31ರ ರಾತ್ರಿಯ ಪಾಳಿ ಪೂರ್ತಿ 31ರ ಸಾಲಿಗೇ ಹೋಗಬೇಕು, ಒಂದರ ಸಾಲಿನಲ್ಲಿ ಮತ್ತೆ ಬರೆದರೆ ಎರಡು ಸಲ ಲೆಕ್ಕವಾಗುತ್ತದೆ.

MODಗೆ 24 ಗಂಟೆಯೇ ಗಡಿ. ಅಡಿಕೆ ಮಂಡಿಯ ಕಾವಲುಗಾರ ಬದಲಿ ಆಳು ಬಾರದೆ ಇಂದು ರಾತ್ರಿ 10ರಿಂದ ನಾಳೆ ರಾತ್ರಿ 10ರವರೆಗೆ ನಿಂತರೆ MOD ಸೊನ್ನೆ ಕೊಡುತ್ತದೆ, ಇನ್ನೆರಡು ಗಂಟೆ ಹೆಚ್ಚು ನಿಂತರೆ 2 ಗಂಟೆ ಎನ್ನುತ್ತದೆ. ಇಂಥ ದಿನಗಳನ್ನು ಪಾಳಿಗೊಂದರಂತೆ ಬೇರೆ ಸಾಲುಗಳಲ್ಲಿ ಬರೆಯಿರಿ. ಇಲ್ಲವೇ ಬೇರೆ ಹಾಳೆಯಲ್ಲಿ, ಈ ತಡೆಯಿಲ್ಲದ ಸೆಲ್‌ಗಳಲ್ಲಿ, ತಾರೀಖು ಮತ್ತು ಸಮಯ ಎರಡನ್ನೂ ಒಟ್ಟಿಗೆ ಬರೆದು MOD ಇಲ್ಲದೆ ನೇರವಾಗಿ ಕಳೆಯಿರಿ. ತಾರೀಖು ಜೊತೆಗಿದ್ದರೆ ಮೈನಸ್ ಬರುವ ಪ್ರಶ್ನೆಯೇ ಇಲ್ಲ. ಅಲ್ಲಿಯೂ ಅಭ್ಯಾಸಬಲದಿಂದ MOD ಹಾಕಿದರೆ ಪೂರ್ತಿ ದಿನಗಳು ಉದುರಿ, 36 ಗಂಟೆ ದುಡಿದವನಿಗೆ 12 ಗಂಟೆಯ ಕೂಲಿ ಸಿಗುತ್ತದೆ.